ತಂಗಿಯ ಮುಖಕ್ಕೆ ತೆರೆದ ಅಕ್ಕನ ಫೋನ್: ಪುಣೆಯ ಒಂದು ಪ್ರಕರಣ

ಹಿನ್ನೆಲೆ

ಇದು ಪಿಂಪ್ರಿ-ಚಿಂಚವಡ ಕಡೆಯ ಒಂದು ಕನ್ನಡ ಮನೆಯಲ್ಲಿ ನಡೆದದ್ದು. ವಿಜಯಪುರದ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತ ಕುಟುಂಬ. ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಇಪ್ಪತ್ತರ ಆಸುಪಾಸು. ದೊಡ್ಡವಳು ಹಿಂಜವಡಿಯ ಆಫೀಸಿಗೆ ಹೋಗುತ್ತಾಳೆ, ಚಿಕ್ಕವಳು ಕಾಲೇಜಿಗೆ. ಇಲ್ಲಿ ಇಬ್ಬರನ್ನೂ ಅಕ್ಕ, ತಂಗಿ ಎಂದಷ್ಟೇ ಕರೆಯುತ್ತೇನೆ. ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ, ಫೋನಿಗೆ ಸಂಬಂಧಿಸಿದ್ದನ್ನು ಮಾತ್ರ ಹಾಗೇ ಇಟ್ಟಿದ್ದೇನೆ. ಮೊಬೈಲ್ ಆಪ್‌ಗಳ ಭದ್ರತೆ ಪರೀಕ್ಷಿಸುವುದು ನನ್ನ ಕೆಲಸ, ಅವರದೇ ಸೊಸೈಟಿಯಲ್ಲಿ ನನ್ನ ಮನೆ. ಹಾಗಾಗಿ ಜಗಳ ನನ್ನ ತನಕ ಬಂತು.

ಅಕ್ಕನದು ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನ್. ತಂಗಿಯದು ಐಫೋನ್. ಇಬ್ಬರೂ ಮುಖ ತೋರಿಸಿಯೇ ಫೋನ್ ತೆರೆಯುತ್ತಿದ್ದರು.

ಸಮಸ್ಯೆ

ಒಂದು ಸಂಜೆ ಅಕ್ಕ ಆಫೀಸಿನಿಂದ ಬಂದು ಫೋನ್ ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋಗಿದ್ದಳು. ತಾಯಿ ಕೆಳಗಿನ ಕಿರಾಣಿ ಅಂಗಡಿಯಿಂದ ಹಾಲು, ಮೊಸರು ತರಲು ಹೇಳಿದರು. ತಂಗಿ ಕೈಗೆ ಸಿಕ್ಕ ಅಕ್ಕನ ಫೋನ್ ಹಿಡಿದುಕೊಂಡೇ ಹೋದಳು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಳು, ದುಡ್ಡು ಹೋಯಿತು. ಅಕ್ಕನ ಫೋನಿನಲ್ಲಿ ಯುಪಿಐ ಲೈಟ್ ಆನ್ ಇತ್ತು. ಅದರಲ್ಲಿ ಒಂದು ಸಲಕ್ಕೆ ₹1,000ದವರೆಗೆ ಯುಪಿಐ ಪಿನ್ ಇಲ್ಲದೆಯೇ ಪಾವತಿ ಆಗುತ್ತದೆ. ಯುಪಿಐ ಆಪ್‌ಗೆ ಬೇರೆ ಬೀಗವೂ ಇರಲಿಲ್ಲ. ಫೋನ್ ತೆರೆದರೆ ಸಾಕಿತ್ತು.

ಮೆಟ್ಟಿಲು ಹತ್ತುವಾಗ ಪರದೆಯ ಮೇಲೆ ಒಂದು ಇಮೇಲ್ ಬಂತು. ಬೆಂಗಳೂರಿನ ಕಂಪನಿಯೊಂದು ಅಕ್ಕನಿಗೆ ಕೆಲಸ ಕೊಡುತ್ತೇವೆ ಎಂದಿತ್ತು. ಅಕ್ಕ ಅದನ್ನು ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ತಂಗಿ ಖುಷಿಯಲ್ಲಿ ಅವ್ವನ ಮುಂದೆ ಹೇಳಿಬಿಟ್ಟಳು. ಮನೆಯಲ್ಲಿ ದೊಡ್ಡ ಮಾತಾಯಿತು.

ನನ್ನ ಹತ್ತಿರ ಬರುವ ಹೊತ್ತಿಗೆ ಕೆಲಸದ ವಿಷಯ ಹಿಂದೆ ಸರಿದಿತ್ತು, ಕಳ್ಳತನದ ಆರೋಪ ಮುಂದೆ ಬಂದಿತ್ತು. “ನನ್ನ ಪಿನ್ ಕದ್ದು ನೋಡ್ಯಾಳ ಕಾಕಾ. ಇಲ್ಲಂದ್ರ ಹೆಂಗ ತೆರೀತಾಳ?” ಎಂದಳು ಅಕ್ಕ. ತಂಗಿ ಅಳುತ್ತಿದ್ದಳು. “ಪಿನ್ ನಂಗ ಗೊತ್ತೇ ಇಲ್ಲ ಕಾಕಾ. ಮುಖದ ಮುಂದ ಹಿಡಿದೆ, ತೆರೀತು.”

ಹಿಂದೆಯೂ ಒಂದೆರಡು ಸಲ ಹೀಗಾಗಿತ್ತಂತೆ. ಆಗ ಅಕ್ಕ ಸುಮ್ಮನಿರದೆ ತನಗೆ ತಿಳಿದದ್ದನ್ನೆಲ್ಲ ಮಾಡಿದ್ದಳು. ಮೊದಲು ಪಿನ್ ಬದಲಿಸಿದಳು. ಉಪಯೋಗವಾಗಲಿಲ್ಲ, ಯಾಕೆಂದರೆ ಫೋನ್ ತೆರೆಯುತ್ತಿದ್ದದ್ದು ಪಿನ್ನಿನಿಂದ ಅಲ್ಲ. ಪಿನ್ ಬದಲಾದರೂ ಒಳಗಿಟ್ಟ ಮುಖದ ದಾಖಲೆ ಹಾಗೇ ಇರುತ್ತದೆ. ಆಮೇಲೆ ಕಣ್ಣು ತೆರೆದಿದ್ದರೆ ಮಾತ್ರ ಫೋನ್ ತೆರೆಯಲಿ ಎಂಬ ಆಯ್ಕೆ ಆನ್ ಮಾಡಿದಳು. ಅದು ಒಳ್ಳೆಯ ಆಯ್ಕೆಯೇ. ಆದರೆ ಮಲಗಿದವರ ಮುಖಕ್ಕೆ ಯಾರೋ ಫೋನ್ ಹಿಡಿಯುವುದನ್ನು ತಡೆಯಲು ಇರುವಂಥದ್ದು. ತಂಗಿಯ ಕಣ್ಣು ತೆರೆದೇ ಇತ್ತಲ್ಲ. ಕೊನೆಗೆ, ಫೋನ್ ತನ್ನನ್ನು ಸರಿಯಾಗಿ ಗುರುತಿಸಲಿ ಎಂದು ಕನ್ನಡಕ ಹಾಕಿಕೊಂಡ ಇನ್ನೊಂದು ಮುಖವನ್ನೂ ಸೇರಿಸಿದಳು. ಇದರಿಂದ ಹಾನಿಯೇ ಜಾಸ್ತಿ ಆಯಿತು. ಎರಡನೇ ದಾಖಲೆ ಸೇರಿಸಿದರೆ ಮೊದಲನೆಯದು ಬಿಗಿಯಾಗುವುದಿಲ್ಲ. ಎರಡರಲ್ಲಿ ಯಾವುದಕ್ಕೆ ಹೊಂದಿದರೂ ಫೋನ್ ತೆರೆಯುತ್ತದೆ. ತಂಗಿಯೂ ಕನ್ನಡಕದವಳೇ.

ಕಾರಣ ಹುಡುಕಿದ್ದು

ಸಿಟ್ಟಿನಲ್ಲಿರುವವರ ಮುಂದೆ ತಾಂತ್ರಿಕ ಪಾಠ ಹೇಳಿ ಪ್ರಯೋಜನವಿಲ್ಲ. ಹಾಗಾಗಿ ತಂಗಿಯನ್ನು ಒಂದೇ ಪ್ರಶ್ನೆ ಕೇಳಿದೆ: ಯಾವಾಗ ಹಿಡಿದರೂ ತೆರೆಯುತ್ತದೆಯಾ? ಅವಳ ಉತ್ತರದಲ್ಲೇ ಅರ್ಧ ಪ್ರಕರಣ ಬಗೆಹರಿಯಿತು. “ಇಲ್ಲ ಕಾಕಾ. ಮುಂಜಾನೆ ಎದ್ದ ಕೂಡಲೆ ಹಿಡಿದ್ರ ಪಿನ್ ಕೇಳತೈತಿ. ಸಂಜಿಗೆ ಕೇಳಂಗಿಲ್ಲ.”

ಪಿನ್ ಗೊತ್ತಿರುವವರಿಗೆ ಬೆಳಗ್ಗೆಯೂ ಒಂದೇ, ಸಂಜೆಯೂ ಒಂದೇ. ಬೆಳಗ್ಗೆ ಫೋನ್ ಇವಳನ್ನು ತಡೆಯುತ್ತಿತ್ತು ಎಂದರೆ ಇವಳ ಕೈಯಲ್ಲಿ ಪಿನ್ ಇರಲಿಲ್ಲ. ಆಂಡ್ರಾಯ್ಡ್‌ನಲ್ಲಿ ಬಯೋಮೆಟ್ರಿಕ್‌ಗೆ ಮೂರು ದರ್ಜೆಗಳಿವೆ. ಮೂರನೇ ದರ್ಜೆ ಎಲ್ಲಕ್ಕಿಂತ ಗಟ್ಟಿ. ಅದಕ್ಕಿಂತ ಕೆಳಗಿನ ದರ್ಜೆಯ ಮುಖದ ಬೀಗವಾದರೆ, ಫೋನನ್ನು 4 ಗಂಟೆ ಮುಟ್ಟದೆ ಇಟ್ಟಾಗ ಅಥವಾ ಕೊನೆಯ ಸಲ ಪಿನ್ ಹಾಕಿ 24 ಗಂಟೆ ಆದಾಗ ಮತ್ತೆ ಪಿನ್ ಕೇಳಬೇಕು ಎಂಬ ನಿಯಮವಿದೆ. ಮೂರನೇ ದರ್ಜೆಗೆ ಈ ಅವಧಿ 72 ಗಂಟೆ. ರಾತ್ರಿಯೆಲ್ಲ ಸುಮ್ನೆ ಬಿದ್ದಿದ್ದ ಫೋನ್ ಬೆಳಗ್ಗೆ ಪಿನ್ ಕೇಳುತ್ತಿತ್ತು. ಸಂಜೆ ಅಕ್ಕ ಆಗಷ್ಟೇ ಬಳಸಿ ಇಟ್ಟಿದ್ದರಿಂದ ಮುಖವೇ ಸಾಕಾಗುತ್ತಿತ್ತು.

ಇನ್ನೊಂದು ಗುರುತನ್ನೂ ನೋಡಿದೆ. ಅಕ್ಕನ ಬ್ಯಾಂಕ್ ಆಪ್ ತೆರೆದರೆ ಬೆರಳು ಅಥವಾ ಪಿನ್ ಕೇಳುತ್ತಿತ್ತು, ಮುಖದ ಆಯ್ಕೆಯೇ ಇರಲಿಲ್ಲ. ಗಟ್ಟಿ ದರ್ಜೆ ಬೇಕೆನ್ನುವ ಆಪ್‌ಗಳ ಒಳಗೆ ಕೆಳ ದರ್ಜೆಯ ಮುಖದ ಬೀಗಕ್ಕೆ ಪ್ರವೇಶವಿಲ್ಲ. ನಿಮ್ಮ ಫೋನಿನಲ್ಲೂ ಇದನ್ನು ನೋಡಬಹುದು. ಪರದೆ ಮುಖಕ್ಕೆ ತೆರೆಯುತ್ತದೆ, ಆದರೆ ಬ್ಯಾಂಕ್ ಆಪ್ ಬೆರಳನ್ನೇ ಕೇಳುತ್ತದೆ ಎಂದರೆ ನಿಮ್ಮ ಫೋನಿನ ಮುಖದ ಬೀಗ ಅನುಕೂಲಕ್ಕೆ ಮಾತ್ರ ಇರುವ ಬಗೆಯದು ಎನ್ನಲು ಅದು ಒಳ್ಳೆಯ ಸೂಚನೆ.

ಆಮೇಲೆ ತಂಗಿಯ ಕೈಯಲ್ಲಿ ಫೋನ್ ಕೊಟ್ಟು ಎಲ್ಲರ ಎದುರಿಗೆ ಹಿಡಿಯಲು ಹೇಳಿದೆ. ತೆರೆಯಿತು. ಕಿಟಕಿಯ ಬೆಳಕಿನಲ್ಲಿ ಒಮ್ಮೊಮ್ಮೆ ಸೋಲುತ್ತಿತ್ತು, ಟ್ಯೂಬ್‌ಲೈಟಿನ ಕೆಳಗೆ ಹೆಚ್ಚಾಗಿ ತೆರೆಯುತ್ತಿತ್ತು. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಂಗಿಯ ಪಕ್ಕ ಹೋಗಿ ಕೂತಳು. ಪಿನ್ ಕದ್ದ ಆರೋಪ ಅಲ್ಲಿಗೆ ಮುಗಿಯಿತು.

ಅಕ್ಕ-ತಂಗಿಯರಲ್ಲೇ ಯಾಕೆ ಹೀಗೆ

ಫೋನ್ ಮುಖದ ಫೋಟೊವನ್ನು ಫೋಟೊದ ಜೊತೆ ಇಟ್ಟು ನೋಡುವುದಿಲ್ಲ. ಕಣ್ಣುಗಳ ನಡುವಿನ ಅಂತರ, ಮೂಗಿನ ಆಕಾರ, ದವಡೆಯ ಅಂಚು ಇಂಥವೆಲ್ಲ ಸೇರಿ ಒಂದು ಮುಖ ಸಂಖ್ಯೆಗಳ ಸಾಲಾಗುತ್ತದೆ. ಮೊದಲ ದಿನ ಇಟ್ಟುಕೊಂಡ ಸಾಲಿಗೂ ಈಗ ಕಂಡ ಸಾಲಿಗೂ ಎಷ್ಟು ದೂರ ಎಂದು ಲೆಕ್ಕ ಹಾಕುತ್ತದೆ. ದೂರ ಒಂದು ಮಿತಿಯೊಳಗಿದ್ದರೆ ತೆರೆಯುತ್ತದೆ. ಒಬ್ಬರದೇ ಮುಖ ಕೂಡ ಎರಡು ಸಲ ಒಂದೇ ಥರ ಕಾಣುವುದಿಲ್ಲ. ನಿದ್ದೆಗಣ್ಣು, ಬೆಳಕು, ಕೂದಲು ಎಲ್ಲ ಬದಲಾಗುತ್ತವೆ. ಹಾಗಾಗಿ ಮಿತಿಯನ್ನು ತೀರಾ ಬಿಗಿ ಮಾಡಿದರೆ ಮಾಲೀಕರಿಗೇ ತೆರೆಯದು. ಸ್ವಲ್ಪ ಸಡಿಲ ಇಟ್ಟ ಆ ಜಾಗದೊಳಗೇ ಒಡಹುಟ್ಟಿದವರು ಬಂದು ನಿಲ್ಲುತ್ತಾರೆ.

ಆಂಡ್ರಾಯ್ಡ್ ನಿಯಮದ ಪ್ರಕಾರ ಬೇರೆಯವರನ್ನು ತಪ್ಪಾಗಿ ಒಪ್ಪಿಕೊಳ್ಳುವ ಪ್ರಮಾಣ 50,000ಕ್ಕೆ ಒಂದಕ್ಕಿಂತ ಜಾಸ್ತಿ ಇರಬಾರದು. ಐಫೋನಿನ ಮುಖದ ಬೀಗವಾದ ಫೇಸ್ ಐಡಿಯ ಬಗ್ಗೆ ಆಪಲ್ ಹೇಳುವುದು 10 ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಎಂದು. ಈ ಎರಡೂ ಲೆಕ್ಕ ಯಾರೋ ಅಪರಿಚಿತರು ಫೋನ್ ಹಿಡಿದಾಗಿನದು. ಸ್ವಾರಗೇಟ್ ಸ್ಟ್ಯಾಂಡಿನಲ್ಲಿ ಫೋನ್ ಬಿದ್ದು ಯಾರಿಗೋ ಸಿಕ್ಕರೆ ಈ ಅಂಕಿ ನಂಬಬಹುದು. ಮನೆಯೊಳಗೆ ಲೆಕ್ಕವೇ ಬೇರೆ. ಒಂದೇ ತಂದೆ-ತಾಯಿ, ಹೆಚ್ಚುಕಮ್ಮಿ ಒಂದೇ ವಯಸ್ಸು, ಇಬ್ಬರೂ ಹೆಣ್ಣುಮಕ್ಕಳು. ಇವೆಲ್ಲವೂ ಎರಡು ಸಾಲುಗಳ ನಡುವಿನ ದೂರವನ್ನು ಕಡಿಮೆ ಮಾಡುತ್ತವೆ. ಅವಳಿಗಳು, ನೋಡಲು ಒಂದೇ ಥರ ಇರುವ ಒಡಹುಟ್ಟಿದವರು, ಮತ್ತು 13 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ತಪ್ಪಾಗುವ ಸಾಧ್ಯತೆ ಜಾಸ್ತಿ ಎಂದು ಆಪಲ್ ತಾನೇ ಬರೆದಿದೆ. ಚಿಕ್ಕ ಮಕ್ಕಳ ಮುಖ ಇನ್ನೂ ಪೂರ್ತಿ ರೂಪ ತಳೆದಿರುವುದಿಲ್ಲ ಎನ್ನುವುದು ಅದಕ್ಕೆ ಕೊಡುವ ಕಾರಣ.

ಅಕ್ಕನ ಫೋನಿನಲ್ಲಿ ಇನ್ನೊಂದು ಕೊರತೆಯಿತ್ತು. ಅದು ನೋಡುತ್ತಿದ್ದದ್ದು ಸೆಲ್ಫಿ ಕ್ಯಾಮೆರಾದಿಂದ, ಅಂದರೆ ಚಪ್ಪಟೆ ಚಿತ್ರವನ್ನು. ಮೂಗು ಎಷ್ಟು ಮುಂದೆ ಬಂದಿದೆ, ಕೆನ್ನೆ ಎಷ್ಟು ಒಳಗಿದೆ ಎಂಬ ಆಳದ ಅಳತೆ ಅದರಲ್ಲಿಲ್ಲ. ಬೆಳಕು ಕಡಿಮೆಯಾದರೆ ಇರುವ ವಿವರವೂ ಮಸುಕಾಗುತ್ತದೆ. ಅಕ್ಕ ಮುಖ ದಾಖಲಿಸಿದ್ದೂ ರಾತ್ರಿ ಹಾಲ್‌ನ ಮಂದ ಬೆಳಕಿನಲ್ಲೇ.

ಎರಡನೇ ತಿರುವು: ತಂಗಿಯ ಐಫೋನ್

ಅಕ್ಕನಿಗೆ ಈಗ ಕುತೂಹಲ. “ಇಕಿ ಫೋನ್ ನನ್ನ ಮುಖಕ್ಕ ತೆರೀತೈತೇನು?” ಎಂದು ಎತ್ತಿ ಹಿಡಿದಳು. ತೆರೆಯಿತು. ಇದು ನನಗೂ ಯೋಚನೆಗೆ ಹಚ್ಚಿತು. 2017ರಲ್ಲಿ ಐಫೋನ್ ಎಕ್ಸ್ ಜೊತೆ ಬಂದ ಫೇಸ್ ಐಡಿ 30,000ಕ್ಕೂ ಹೆಚ್ಚು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕಿಗಳನ್ನು ಮುಖದ ಮೇಲೆ ಹಾಯಿಸಿ ಆಳವನ್ನೂ ಅಳೆಯುತ್ತದೆ. ಈ ಇಬ್ಬರು ಅವಳಿಗಳಲ್ಲ. ಪಕ್ಕಪಕ್ಕ ನಿಂತರೆ ಯಾರು ಯಾರೆಂದು ಸುಲಭವಾಗಿ ಹೇಳಬಹುದು.

ಫೋನ್ ಕೊಂಡ ಹೊಸದರಲ್ಲೂ ಹೀಗಾಗುತ್ತಿತ್ತಾ ಎಂದು ಕೇಳಿದೆ. ಇಲ್ಲ, ಆಗ ತೆರೆಯುತ್ತಿರಲಿಲ್ಲ. ಹಾಗಾದರೆ ಆಗ ಅಕ್ಕ ಏನು ಮಾಡುತ್ತಿದ್ದಳು? ಪಾಸ್‌ಕೋಡ್ ಹಾಕಿ ತೆರೆಯುತ್ತಿದ್ದಳು. ತಂಗಿಯೇ ಅವಳಿಗೆ ಅದನ್ನು ಹೇಳಿದ್ದಳು. ಫೋಟೊ ತೆಗೆಯಲು, ಹಾಡು ಹಾಕಲು ದಿನಾ ಈ ಫೋನನ್ನೇ ಎತ್ತಿಕೊಳ್ಳುತ್ತಿದ್ದಳು.

ವಿಷಯ ಇದ್ದದ್ದು ಅಲ್ಲೇ. ಫೇಸ್ ಐಡಿ ಕಾಲಕ್ರಮೇಣ ಕಲಿಯುತ್ತಾ ಹೋಗುತ್ತದೆ. ಮುಖ ಪೂರ್ತಿ ಹೊಂದಲಿಲ್ಲ, ಆದರೆ ಬಹಳ ಹತ್ತಿರ ಬಂತು, ಮತ್ತು ಆ ಕೂಡಲೇ ಸರಿಯಾದ ಪಾಸ್‌ಕೋಡ್ ಬಿತ್ತು ಎಂದುಕೊಳ್ಳಿ. ಆಗ ಫೋನ್ ಇದು ಮಾಲೀಕರೇ, ರೂಪ ಸ್ವಲ್ಪ ಬದಲಾಗಿದೆ ಎಂದು ತಿಳಿಯುತ್ತದೆ. ಇನ್ನೊಮ್ಮೆ ಮುಖ ನೋಡಿ ಅದನ್ನೂ ತನ್ನ ದಾಖಲೆಗೆ ಸೇರಿಸಿಕೊಳ್ಳುತ್ತದೆ. ಗಡ್ಡ ಬಿಟ್ಟವರಿಗೆ, ಹೊಸ ಕನ್ನಡಕದವರಿಗೆ ಇದು ದೊಡ್ಡ ಅನುಕೂಲ. ಹೊರಗಿನವರ ಮುಖ ಹತ್ತಿರಕ್ಕೂ ಬರುವುದಿಲ್ಲ, ಆದ್ದರಿಂದ ಅವರು ಪಾಸ್‌ಕೋಡ್ ಹಾಕಿದರೂ ಫೋನ್ ಕಲಿಯುವುದಿಲ್ಲ. ಒಡಹುಟ್ಟಿದವರ ಮುಖ ಮಾತ್ರ ಆ ಹತ್ತಿರದ ಅಂಚಿಗೆ ಬಂದು ನಿಲ್ಲಬಲ್ಲದು. ಅಕ್ಕ ಪ್ರತಿ ಸಲ ಫೋನ್ ಎತ್ತಿ, ಮುಖ ಸೋತು, ಪಾಸ್‌ಕೋಡ್ ಹಾಕಿದಾಗ ಆ ಫೋನಿಗೆ ತನ್ನ ಮುಖವನ್ನು ಕಲಿಸುತ್ತಿದ್ದಳು. ಇಬ್ಬರಿಗೂ ಇದು ಗೊತ್ತಿರಲಿಲ್ಲ.

ಐಫೋನಿನಲ್ಲಿ ಇದರ ಪರಿಣಾಮವೂ ಜಾಸ್ತಿ. ಅಕ್ಕನ ಆಂಡ್ರಾಯ್ಡ್‌ನಲ್ಲಿ ಮುಖಕ್ಕೆ ತೆರೆಯುತ್ತಿದ್ದದ್ದು ಪರದೆ ಮಾತ್ರ. ಇಲ್ಲಿ ಅದೇ ಮುಖಕ್ಕೆ ಬ್ಯಾಂಕ್ ಆಪ್, ಉಳಿಸಿಟ್ಟ ಪಾಸ್‌ವರ್ಡ್‌ಗಳು, ವಾಟ್ಸಾಪ್ ಬೀಗ ಎಲ್ಲವೂ ತೆರೆಯುತ್ತವೆ. ಆಪ್‌ಗೆ ಫೇಸ್ ಐಡಿಯ ಬೀಗ ಹಾಕಿದ್ದೇನೆ, ಚಿಂತೆಯಿಲ್ಲ ಎನ್ನುವಂತಿಲ್ಲ, ಯಾಕೆಂದರೆ ಎರಡೂ ಬೀಗ ಒಂದೇ ಮುಖವನ್ನು ನೋಡುತ್ತವೆ.

ಮಾಡಿದ್ದೇನು, ಆದದ್ದೇನು

ಐಫೋನಿನಿಂದ ಶುರು ಮಾಡಿದೆವು. ಮೊದಲು ಪಾಸ್‌ಕೋಡ್ ಬದಲಿಸಿದೆವು, ಹಳೆಯದು ಗೊತ್ತಿರುವ ತನಕ ಮಿಕ್ಕದ್ದೆಲ್ಲ ವ್ಯರ್ಥ. ಆಮೇಲೆ Settings ಒಳಗೆ Face ID & Passcode ತೆರೆದು Reset Face ID ಒತ್ತಿದೆವು. ಇದರಿಂದ ಕಲಿತದ್ದೆಲ್ಲ ಅಳಿಯುತ್ತದೆ. ತಂಗಿ ಒಬ್ಬಳೇ ಕಿಟಕಿಯ ಹತ್ತಿರ, ಹಗಲು ಬೆಳಕಿನಲ್ಲಿ ಮುಖವನ್ನು ಹೊಸದಾಗಿ ದಾಖಲಿಸಿದಳು. ಇನ್ನೊಂದು ಮುಖ ಸೇರಿಸುವ Set Up an Alternate Appearance ಎಂಬ ಸಾಲನ್ನು ಮುಟ್ಟಲಿಲ್ಲ. ಕಣ್ಣು ತೆರೆದು ಫೋನ್ ಕಡೆ ನೋಡಿದರೆ ಮಾತ್ರ ತೆರೆಯುವ Require Attention for Face ID ಆನ್ ಇತ್ತು, ಹಾಗೇ ಬಿಟ್ಟೆವು.

ಪರೀಕ್ಷಿಸುವಾಗ ಒಂದು ಎಚ್ಚರಿಕೆ ಬಹಳ ಮುಖ್ಯ. ಅಕ್ಕನ ಮುಖ ಸೋತ ಮೇಲೆ ಅವಳ ಕೈಯಲ್ಲೇ ಪಾಸ್‌ಕೋಡ್ ಹಾಕಿಸಿದರೆ ಪರೀಕ್ಷೆಯೇ ಫೋನಿಗೆ ಮತ್ತೆ ಪಾಠವಾಗುತ್ತದೆ. ಆದ್ದರಿಂದ ಪ್ರತಿ ಸೋಲಿನ ನಂತರ ಫೋನನ್ನು ತಂಗಿಗೆ ಕೊಟ್ಟೆವು. ಅವಳು ತನ್ನ ಮುಖದಿಂದ ತೆರೆದು, ಲಾಕ್ ಮಾಡಿ, ಮತ್ತೆ ಅಕ್ಕನಿಗೆ ಕೊಡುತ್ತಿದ್ದಳು. ಸತತ 5 ಸಲ ಸೋತರೆ ಫೋನ್ ಪಾಸ್‌ಕೋಡನ್ನೇ ಕೇಳುತ್ತದೆ, ಅಲ್ಲಿಯವರೆಗೆ ಹೋಗಲು ಬಿಡಲಿಲ್ಲ. ಕನ್ನಡಕ ಹಾಕಿ, ತೆಗೆದು, ಬೆಳಕು ಬದಲಿಸಿ ನೋಡಿದೆವು. ಅಕ್ಕನಿಗೆ ತೆರೆಯಲಿಲ್ಲ.

ಆದರೆ ತಂಗಿ ಒಂದು ಮಾತು ನೆನಪಿಸಿದಳು. ಪುಣೆಯಲ್ಲಿ ಸ್ಕೂಟಿ ಓಡಿಸುವ ಹುಡುಗಿಯರು ಧೂಳಿಗೆ, ಬಿಸಿಲಿಗೆ ಕಣ್ಣು ಮಾತ್ರ ಕಾಣುವಂತೆ ಮುಖಕ್ಕೆ ಸ್ಕಾರ್ಫ್ ಸುತ್ತಿಕೊಳ್ಳುತ್ತಾರೆ. ಇವಳೂ ಹಾಗೆಯೇ. ಅದಕ್ಕೇ Face ID with a Mask ಎಂಬ ಆಯ್ಕೆಯನ್ನು ಆನ್ ಇಟ್ಟಿದ್ದಳು. ಹೊಸದಾಗಿ ದಾಖಲಿಸುವಾಗಲೂ ಅದಕ್ಕೆ ಹೂಂ ಅಂದಿದ್ದಳು. ಮುಖ ಮುಚ್ಚಿದ್ದಾಗ ಫೋನ್ ಕಣ್ಣಿನ ಸುತ್ತಲಿನ ಭಾಗವನ್ನೇ ನೋಡಿ ನಿರ್ಧರಿಸುತ್ತದೆ. ಈ ಅಕ್ಕ-ತಂಗಿಯರಲ್ಲಿ ಹುಬ್ಬು, ಕಣ್ಣು ಪಡಿಯಚ್ಚು. ಇಬ್ಬರಿಗೂ ಬೇರೆ ಬೇರೆ ಇರುವುದು ಗಲ್ಲ ಮತ್ತು ದವಡೆ, ಅವೇ ಸ್ಕಾರ್ಫ್ ಒಳಗೆ ಹೋಗುತ್ತವೆ. ಅಕ್ಕ ಸ್ಕಾರ್ಫ್ ಸುತ್ತಿ ಹಿಡಿದಳು. ಒಂದೆರಡು ಸಲ ಸೋತು, ಆಮೇಲೆ ತೆರೆಯಿತು. ಆಯ್ಕೆಯನ್ನು ಆಫ್ ಮಾಡಿದೆವು. ಮತ್ತೆ ತೆರೆಯಲಿಲ್ಲ. ಗಾಡಿ ನಿಲ್ಲಿಸಿದಾಗ ಇನ್ನು ಸ್ಕಾರ್ಫ್ ಇಳಿಸಬೇಕು ಇಲ್ಲವೇ ಪಾಸ್‌ಕೋಡ್ ಹಾಕಬೇಕು. ತಂಗಿಗೆ ಇದು ಕಿರಿಕಿರಿಯೇ, ಆದರೂ ಒಪ್ಪಿದಳು.

ಬ್ಯಾಂಕ್ ಆಪ್ ವಿಷಯದಲ್ಲಿ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಲು ಹೇಳಿದೆ. ಅದೇ ಪುಟದ Other Apps ಒಳಗೆ ಬ್ಯಾಂಕ್ ಆಪ್‌ಗೆ ಫೇಸ್ ಐಡಿ ಆಫ್ ಮಾಡಿ, ಅದರ ಸ್ವಂತ ಪಿನ್ನನ್ನೇ ಉಳಿಸಿಕೊಂಡೆವು. 2025ರಿಂದ ಯುಪಿಐನಲ್ಲೂ ಪಿನ್ ಬದಲು ಬೆರಳು ಅಥವಾ ಮುಖ ಬಳಸುವ ಅವಕಾಶ ಬಂದಿದೆ. ಒಡಹುಟ್ಟಿದವರ ಮುಖಕ್ಕೆ ಒಮ್ಮೆ ತೆರೆದ ಫೋನಿನಲ್ಲಿ ಮುಖದಿಂದ ಪಾವತಿಸುವ ಆ ಅವಕಾಶವನ್ನು ಆನ್ ಮಾಡಬೇಡಿ ಎಂದೇ ನನ್ನ ಸಲಹೆ.

ಅಕ್ಕನ ಫೋನಿಗೆ ಬಂದರೆ, ಅಲ್ಲೂ ಎರಡೂ ಮುಖ ಅಳಿಸಿ ಒಳ್ಳೆಯ ಬೆಳಕಿನಲ್ಲಿ ಒಂದನ್ನೇ ದಾಖಲಿಸಿ ನೋಡಿದೆವು. ತಂಗಿಗೆ ತೆರೆಯುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಇಲ್ಲಿ ತೀರ್ಮಾನ ಕಷ್ಟವಾಗಲಿಲ್ಲ. ಯಾರೂ ಏನೂ ಕಲಿಸದೆ, ಹೊಸ ದಾಖಲೆಯ ಮೇಲೂ ತೆರೆಯುತ್ತದೆ ಎಂದರೆ ಸೆಟ್ಟಿಂಗ್ ಬದಲಿಸಿ ಸರಿ ಮಾಡುವಂಥದ್ದು ಇನ್ನೇನೂ ಉಳಿದಿಲ್ಲ. ಮುಖದ ಬೀಗ ಪೂರ್ತಿ ತೆಗೆದು ಬೆರಳಚ್ಚಿಗೆ ಹೋದೆವು. ಬೆರಳಿನ ಗೆರೆಗಳು ಗರ್ಭದಲ್ಲೇ, ವಂಶದ ಜೊತೆ ಅಲ್ಲಿನ ಸಣ್ಣಪುಟ್ಟ ವ್ಯತ್ಯಾಸಗಳೂ ಸೇರಿ ಮೂಡುತ್ತವೆ. ಒಂದೇ ಥರದ ಅವಳಿಗಳಲ್ಲೂ ಅವು ಬೇರೆ ಬೇರೆ. ಕೈ ಒದ್ದೆಯಿದ್ದರೆ ಬೆರಳು ಹಿಡಿಯಲ್ಲ ಎಂಬುದು ಅಕ್ಕನ ತಕರಾರು. ಆ ಹೊತ್ತಿಗೆ ಪಿನ್ ಇದೆ. ಯುಪಿಐ ಆಪ್‌ಗೆ ಬೀಗ ಆನ್ ಮಾಡಿದಳು. ಯುಪಿಐ ಲೈಟ್ ಹಾಗೇ ಇರಲಿ, ಅದರಲ್ಲಿ ಇಡುವ ಹಣ ಸಣ್ಣದಿರಲಿ ಎಂದುಕೊಂಡಳು. ಬೀಗ ಹಾಕಿದ ಪರದೆಯ ಮೇಲೆ ಇಮೇಲ್, ಮೆಸೇಜುಗಳ ಒಳಗಿನ ಮಾತು ಕಾಣದಂತೆಯೂ ಮಾಡಿಕೊಂಡಳು.

ಕೆಲವು ತಿಂಗಳ ಮೇಲೆ ಇಬ್ಬರ ಫೋನನ್ನೂ ಅದೇ ರೀತಿ ಪರೀಕ್ಷಿಸಿದೆವು. ಐಫೋನ್ ಅಕ್ಕನಿಗೆ ತೆರೆಯಲಿಲ್ಲ. ಆಗಲೂ ತೆರೆದಿದ್ದರೆ ಫೇಸ್ ಐಡಿಯನ್ನೂ ಬಿಟ್ಟು ಪಾಸ್‌ಕೋಡ್ ಒಂದನ್ನೇ ಇಟ್ಟುಕೊಳ್ಳಲು ಹೇಳುತ್ತಿದ್ದೆ. ಅದು ಆಪಲ್ ಕೊಡುವ ಸಲಹೆಯೂ ಹೌದು.

ಇಷ್ಟೆಲ್ಲ ಆದ ಮೇಲೆ ತಾಯಿ ಕೇಳಿದ ಪ್ರಶ್ನೆ ನನಗೆ ಬಹಳ ಸರಿ ಅನಿಸಿತು. “ಹೊತ್ತಲ್ಲದ ಹೊತ್ತಿನಾಗ ಏನರೆ ಆದ್ರ, ಇವರ ಫೋನ್ ನಾವು ತೆರೆಯೋದು ಹೆಂಗ?” ಪಾಸ್‌ಕೋಡ್ ಹಂಚಿಕೊಂಡದ್ದರ ಹಿಂದೆ ಈ ಚಿಂತೆಯೂ ಇತ್ತು. ಇಬ್ಬರೂ ತಮ್ಮ ಪಿನ್ ಬರೆದು, ಲಕೋಟೆ ಅಂಟಿಸಿ, ತಾಯಿಯ ಕಪಾಟಿನಲ್ಲಿ ಇಟ್ಟರು. ಎಂದಾದರೂ ತಂಗಿಯ ಫೋನನ್ನು ಅಕ್ಕನೇ ತೆರೆಯಬೇಕಾದರೆ ಎತ್ತಿ ಮುಖಕ್ಕೆ ಹಿಡಿಯಬಾರದು ಎಂದು ಹೇಳಿಕೊಟ್ಟೆ. ಮೇಜಿನ ಮೇಲೆ ಅಂಗಾತ ಇಟ್ಟು, ಮುಂದಿನ ಕ್ಯಾಮೆರಾದ ಮೇಲೆ ಬೆರಳಿಟ್ಟು ಪಾಸ್‌ಕೋಡ್ ಹಾಕಬೇಕು. ಮುಖ ಕಾಣದಿದ್ದರೆ ಫೋನ್ ಅದನ್ನು ಕಲಿಯಲಾರದು.